ಒಳಗೆ ಹಾಲಿನ ಕ್ರೀಮ್, ಹೊರಗೆ ಟಾಪಿಂಗ್: ದಾವಣಗೆರೆ ಬಿಸಿಲಲ್ಲಿ ನಾನು ಕೇಕ್ ಮಾಡುವ ರೀತಿ

ದಾವಣಗೆರೆಯಲ್ಲಿ ಮನೆಯಿಂದಲೇ ಕೇಕ್ ಮಾಡಿ ಕೊಡೋದು ನನ್ನ ಕೆಲಸ. ಶುರುವಿನಲ್ಲಿ ಹಾಲಿನ ಕ್ರೀಮ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಅದರ ರುಚಿ ಬೇರೆ ಯಾವುದಕ್ಕೂ ಬರಲ್ಲ ಅಂತ ಈಗಲೂ ಹೇಳುತ್ತೇನೆ. ಆದರೆ ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಒಂದು ನಿಶ್ಚಿತಾರ್ಥಕ್ಕೆ ಎರಡು ಕೆಜಿ ಕೇಕ್ ಕೊಟ್ಟಿದ್ದೆ. ಮನೆಯಿಂದ ಹೊರಟಾಗ ಅಂಚೆಲ್ಲ ಗೆರೆ ಎಳೆದ ಹಾಗೆ ನೇರವಾಗಿತ್ತು. ಮಂಟಪದಲ್ಲಿ ಎಸಿ ಇರಲಿಲ್ಲ, ಉಂಗುರ ಬದಲಾಯಿಸುವುದು ತಡವಾಯಿತು, ಅರ್ಧ ಗಂಟೆಯೊಳಗೆ ಮೇಲಿನ ಹೂವುಗಳ ತುದಿ ಬಾಗಿ, ಪಕ್ಕದ ಕ್ರೀಮ್ ಸ್ಪಂಜಿನಿಂದ ಜಾರಿ ಬೋರ್ಡಿನ ಮೇಲೆ ಬಂದು ಕೂತಿತ್ತು. ಹುಡುಗಿಯ ಅಮ್ಮ "ಬಿಸಿಲು ಜಾಸ್ತಿ ಅಲ್ವಾ, ಬಿಡಮ್ಮ" ಅಂದರು. ನಾನು ಹಣ ವಾಪಸ್ ಕೊಟ್ಟು ಬಂದೆ.

ಮೊದಲು ನನಗೆ ಅನಿಸಿದ್ದು ಕ್ರೀಮಿನಲ್ಲಿ ಕೊಬ್ಬು ಕಡಿಮೆ ಇತ್ತೇನೋ ಅಂತ. ಪ್ಯಾಕ್ ತಿರುಗಿಸಿ ನೋಡಿದರೆ 35 ಶೇಕಡಾ. ಕಡಿಮೆ ಏನಲ್ಲ. ಅಂಗಡಿಯಲ್ಲಿ, ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿ ಮಾಡುವ ಟಾಪಿಂಗ್ ಕ್ರೀಮಿನ ಪ್ಯಾಕ್ ನೋಡಿದೆ, ಅದರಲ್ಲಿ 24. ಕೊಬ್ಬು ಕಡಿಮೆ ಇರುವುದೇ ಬಿಸಿಲಲ್ಲಿ ನಿಲ್ಲುತ್ತೆ, ಜಾಸ್ತಿ ಇರುವುದು ಕರಗುತ್ತೆ. ಇದು ಯಾಕೆ ಅಂತ ಅರ್ಥವಾಗಿದ್ದು ಅಜ್ಜಿ ಬೆಣ್ಣೆ ತೆಗೆಯುತ್ತಿದ್ದದ್ದು ನೆನಪಾದಾಗ. ಬೇಸಿಗೆಯಲ್ಲಿ ಮೊಸರು ಕಡೆಯುವಾಗ ಅಜ್ಜಿ ಗಡಿಗೆಗೆ ತಣ್ಣೀರು ಸುರಿಯುತ್ತಿದ್ದರು, ಚಳಿಗಾಲದಲ್ಲಿ ಬಿಸಿನೀರು. ತಣ್ಣೀರು ಹಾಕದಿದ್ದರೆ ಬೆಣ್ಣೆ ಉಂಡೆ ಕಟ್ಟಲ್ಲ, ಎಣ್ಣೆ ಎಣ್ಣೆಯಾಗಿ ತೇಲುತ್ತೆ.

ಕ್ರೀಮ್ ಬೀಟ್ ಮಾಡುವುದೂ ಅದೇ ಕೆಲಸ, ಅರ್ಧದಾರಿಯಲ್ಲಿ ನಿಲ್ಲಿಸುತ್ತೇವೆ ಅಷ್ಟೇ. ಕ್ರೀಮಿನಲ್ಲಿ ಕೊಬ್ಬು ಸಣ್ಣ ಸಣ್ಣ ಗುಳ್ಳೆಗಳಾಗಿ ಇರುತ್ತೆ. ಬೀಟರ್ ಹೊಡೆತಕ್ಕೆ ಅವುಗಳ ಮೇಲಿನ ಪೊರೆ ಹರಿದು, ಒಂದಕ್ಕೊಂದು ಅಂಟಿಕೊಂಡು, ಒಳಗೆ ಸೇರಿದ ಗಾಳಿಯ ಸುತ್ತ ಗೋಡೆ ಕಟ್ಟುತ್ತವೆ. ಆ ಗೋಡೆ ನಿಲ್ಲಬೇಕಾದರೆ ಕೊಬ್ಬು ಸ್ವಲ್ಪವಾದರೂ ಗಟ್ಟಿ ಇರಬೇಕು. ಹಾಲಿನ ಕೊಬ್ಬು ಫ್ರಿಜ್ಜಿನ ತಣ್ಣಗೆ ಸುಮಾರು ಅರ್ಧದಷ್ಟು ಗಟ್ಟಿ ಇರುತ್ತೆ, 20 ಡಿಗ್ರಿ ದಾಟಿದರೆ ಮೆತ್ತಗಾಗುತ್ತೆ, 30ಕ್ಕೆ ಬಂದರೆ ಹೆಚ್ಚುಕಡಿಮೆ ಎಣ್ಣೆ. ಟಾಪಿಂಗ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಇರೋದು ಹೈಡ್ರೋಜನೀಕರಿಸಿದ ತಾಳೆ ಬೀಜದ ಎಣ್ಣೆ. ಅದು 30ರ ಹತ್ತಿರವೂ ಸಾಕಷ್ಟು ಗಟ್ಟಿಯಾಗೇ ಇದ್ದು, ಮೈ ಬಿಸಿಯ ಆಸುಪಾಸಿನಲ್ಲಿ ಕರಗುತ್ತೆ. ಜೊತೆಗೆ ಗಾಳಿ ಮತ್ತು ನೀರು ಹಿಡಿದಿಡುವ ಎಮಲ್ಸಿಫೈಯರ್, ಅಂಟುಗಳನ್ನೂ ಹಾಕಿರುತ್ತಾರೆ. ಹಾಗಾಗಿ ಶೇಕಡಾ ಎಷ್ಟು ಅನ್ನೋದಕ್ಕಿಂತ, ನಿಮ್ಮ ಕೋಣೆಯ ಬಿಸಿಗೆ ಆ ಕೊಬ್ಬು ಗಟ್ಟಿ ಇರುತ್ತಾ ಅನ್ನೋದೇ ಮುಖ್ಯ. ಹಾಗಂತ ಶೇಕಡಾ ನೋಡಬೇಡಿ ಅಂತಲ್ಲ. 25 ಶೇಕಡಾ ಇರುವ ಫ್ರೆಶ್ ಕ್ರೀಮ್ ತಂದು ಬೀಟ್ ಮಾಡಿ ಸೋತವರು ತುಂಬಾ ಜನ. ಗೋಡೆ ಕಟ್ಟಲು ಸಾಕಾಗುವಷ್ಟು ಕೊಬ್ಬೇ ಅದರಲ್ಲಿ ಇರಲ್ಲ. ಹಾಲಿನ ಕ್ರೀಮಾದರೆ ಕನಿಷ್ಠ 30 ಬೇಕು, 35 ಇದ್ದರೆ ಸುಲಭ.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ 34 ಡಿಗ್ರಿ ಇದ್ದಾಗ ಒಂದೇ ಸ್ಟೀಲ್ ತಟ್ಟೆಯಲ್ಲಿ ಎರಡರದ್ದೂ ಒಂದೊಂದು ಹೂ ಹಾಕಿ ಇಟ್ಟೆ. ಹತ್ತು ನಿಮಿಷಕ್ಕೆ ಹಾಲಿನ ಕ್ರೀಮಿನ ಗೆರೆಗಳು ಮಾಸಿದವು, ಇಪ್ಪತ್ತೈದಕ್ಕೆ ಬುಡದಲ್ಲಿ ನೀರು ಬಿಟ್ಟುಕೊಂಡು ಹರಡಿತು. ಟಾಪಿಂಗ್ ಒಂದು ಗಂಟೆ ಆಕಾರ ಬಿಡಲಿಲ್ಲ. ಆಮೇಲೆ ಅದರ ಮೈಮೇಲೂ ಹೊಳಪು ಬಂತು, ತುದಿ ಬಾಗಿತು. ಅಂದರೆ ಅದಕ್ಕೂ ಒಂದು ಮಿತಿ ಇದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಎರಡೂ ಒಂದೇ.

ಈಗ ಫೆಬ್ರವರಿ ಕೊನೆಯಿಂದ ಮಳೆ ಬರೋವರೆಗೆ ನಾನು ಮಾಡೋದು ಹೀಗೆ. ಸ್ಪಂಜಿನ ಪದರಗಳ ನಡುವೆ ಹಾಲಿನ ಕ್ರೀಮ್, ಹೊರಗಿನ ಲೇಪ ಮತ್ತು ಹೂವಿಗೆ ಟಾಪಿಂಗ್. ಒಳಗಿನದಕ್ಕೆ ಸ್ಪಂಜಿನ ತಂಪು ಇರುತ್ತೆ, ಬಿಸಿ ಬೇಗ ತಾಗಲ್ಲ. ಜಾರದ ಹಾಗೆ ಪ್ರತಿ ಪದರದ ಅಂಚಿಗೆ ಟಾಪಿಂಗಿನದ್ದೇ ಒಂದು ಕಟ್ಟೆ ಕಟ್ಟಿ, ಅದರೊಳಗೆ ಹಾಲಿನ ಕ್ರೀಮ್ ತುಂಬುತ್ತೇನೆ. ತಿನ್ನುವಾಗ ಬಾಯಿಗೆ ಹಾಲಿನ ರುಚಿಯೇ ಮುಂದೆ ಬರುತ್ತೆ. ಬರೀ ಟಾಪಿಂಗ್ ತಿಂದರೆ ಅಂಗುಳಕ್ಕೆ ಜಿಡ್ಡು ಮೆತ್ತಿದ ಹಾಗಾಗುತ್ತಲ್ಲ, ಅದು ಆ ಕೊಬ್ಬು ಬಾಯಲ್ಲಿ ಪೂರ್ತಿ ಕರಗದೇ ಇರೋದರಿಂದ.

ಒಂದು ಕೆಜಿ ಕೇಕಿಗೆ 200 ಮಿಲಿ ಹಾಲಿನ ಕ್ರೀಮ್, 250 ಗ್ರಾಂ ಟಾಪಿಂಗ್ ತೆಗೆದುಕೊಳ್ಳುತ್ತೇನೆ. ಹಾಲಿನ ಕ್ರೀಮ್ ಬೀಟ್ ಮಾಡಿದರೆ ಎರಡು ಪಟ್ಟು ಆಗುತ್ತೆ, ಟಾಪಿಂಗ್ ಮೂರು ಪಟ್ಟಿಗೂ ಜಾಸ್ತಿ. ಹಾಲಿನದ್ದಕ್ಕೆ ಎರಡು ಚಮಚ ಪುಡಿ ಸಕ್ಕರೆ ಹಾಕುತ್ತೇನೆ. ಟಾಪಿಂಗಿನಲ್ಲಿ ಸಕ್ಕರೆ ಮೊದಲೇ ಇರುತ್ತೆ, ಮತ್ತೆ ಹಾಕಬೇಡಿ. ಹಾಲಿನ ಕ್ರೀಮನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ಇಡಬೇಕು, ಪಾತ್ರೆ ಮತ್ತು ಬೀಟರ್ ಕಡ್ಡಿಗಳನ್ನು ಹದಿನೈದು ನಿಮಿಷ ಫ್ರೀಜರ್‌ನಲ್ಲಿ. ಬೀಟರ್ ಎಳೆದ ಗೆರೆ ಮುಚ್ಚಿಕೊಳ್ಳದೆ ನಿಂತ ಕೂಡಲೇ ಮೆಷಿನ್ ನಿಲ್ಲಿಸಿ, ಕೊನೆಯ ನಾಲ್ಕು ಸುತ್ತು ಕೈಯಲ್ಲೇ ತಿರುಗಿಸಿ. ಬಣ್ಣ ತುಸು ಹಳದಿಗೆ ತಿರುಗಿ ರವೆ ರವೆ ಕಂಡರೆ ಬೆಣ್ಣೆ ಶುರುವಾಗಿದೆ ಅಂತ ಅರ್ಥ. ಆಗಲೇ ಎರಡು ಚಮಚ ತಣ್ಣನೆ ಕ್ರೀಮ್ ಸುರಿದು ಮೆಲ್ಲಗೆ ಬೆರೆಸಿದರೆ ಉಳಿಯುತ್ತೆ. ನೀರು ಬೇರೆಯಾದ ಮೇಲೆ ಏನು ಮಾಡಿದರೂ ಆಗಲ್ಲ, ದೋಸೆಗೆ ಹಾಕಿ.

ಟಾಪಿಂಗ್ ಜಾಸ್ತಿ ಬೀಟ್ ಆದರೆ ಬೆಣ್ಣೆಯಾಗಲ್ಲ, ಒಣಗಿದ ಹಾಗಾಗುತ್ತೆ. ನಾಝಲ್‌ನಿಂದ ಬರುವಾಗ ಅಂಚು ಹರಿದು ಹರಿದು ಬಂದರೆ ಅದೇ ಗುರುತು. ಬೀಟ್ ಮಾಡದ ದ್ರವ ಟಾಪಿಂಗ್ ಸ್ವಲ್ಪ ಸೇರಿಸಿ ಸ್ಪ್ಯಾಟುಲಾದಲ್ಲಿ ಕಲಸಿದರೆ ಸರಿಹೋಗುತ್ತೆ.

ಇಡುವ ವಿಷಯದಲ್ಲಿ ಎರಡೂ ಪೂರ್ತಿ ಉಲ್ಟಾ, ಇಲ್ಲೇ ಹೊಸಬರು ಜಾಸ್ತಿ ಹಾಳು ಮಾಡಿಕೊಳ್ಳೋದು. ಫ್ರೀಜ್ ಮಾಡಿ ಮಾರುವ ಟಾಪಿಂಗನ್ನು ಮೈನಸ್ 18ರಲ್ಲಿ ಇಡಬೇಕು. ಹಾಲಿನ ದ್ರವ ಕ್ರೀಮನ್ನು ಫ್ರೀಜರ್‌ಗೆ ಹಾಕಲೇಬಾರದು, ಮಂಜಿನ ಹರಳು ಕೊಬ್ಬಿನ ಗುಳ್ಳೆಗಳನ್ನು ಒಡೆದು ಹಾಕುತ್ತೆ, ಕರಗಿಸಿದಾಗ ಗಂಟು ಗಂಟಾಗುತ್ತೆ. ಟಾಪಿಂಗ್ ಕರಗಿಸೋದು ಹಿಂದಿನ ದಿನ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ. ಅವಸರಕ್ಕೆ ಬಿಸಿನೀರಲ್ಲಿ ಇಟ್ಟರೆ ಬೀಟ್ ಆದರೂ ಉಬ್ಬಲ್ಲ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ, ಅದಕ್ಕೇ ನಾನು ಒಂದು ಲೀಟರ್ ಪ್ಯಾಕನ್ನು ಬೀಟ್ ಮಾಡುವ ದಿನಕ್ಕೆ ಎರಡು ಆರ್ಡರ್ ಒಟ್ಟಿಗೆ ಬರುವ ಹಾಗೆ ಹೊಂದಿಸಿಕೊಳ್ಳುತ್ತೇನೆ. ಒಳಗೆ ಹಾಲಿನ ಕ್ರೀಮ್ ಇರುವ ಕೇಕ್ ಫ್ರಿಜ್ಜಿನಲ್ಲಿ ಎರಡು ದಿನ, ಅಷ್ಟೇ. ಹೊರಗಿನ ಟಾಪಿಂಗ್ ಚೆನ್ನಾಗೇ ಕಾಣುತ್ತೆ ಅಂತ ಮೂರನೇ ದಿನ ತಿನ್ನಬೇಡಿ ಅಂತ ಡಬ್ಬಿಯ ಮೇಲೆಯೇ ಬರೆದು ಕೊಡುತ್ತೇನೆ.

ಇನ್ನೊಂದು ಮಾತು, ಹಾಲು ಆಗದವರಿಗೆ ಕೇಕ್ ಕೇಳಿದಾಗ "ನಾನ್ ಡೈರಿ" ಅಂತ ಬರೆದಿದೆ ಅಂತ ನಂಬಿ ಕೊಡಬೇಡಿ. ಎಷ್ಟೋ ಟಾಪಿಂಗ್‌ಗಳಲ್ಲಿ ಸೋಡಿಯಂ ಕೇಸಿನೇಟ್ ಇರುತ್ತೆ, ಅದು ಹಾಲಿನ ಪ್ರೋಟೀನ್. ಪ್ಯಾಕಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. ಹೋದ ತಿಂಗಳು ಒಬ್ಬ ಪುಟ್ಟ ಹುಡುಗನ ಹುಟ್ಟುಹಬ್ಬಕ್ಕೆ ಆರ್ಡರ್ ಬಂದಾಗ ಅವನ ತಾಯಿಗೆ ಆ ಸಾಲಿನ ಫೋಟೋ ಕಳಿಸಿದೆ. ಕೊನೆಗೆ ಕ್ರೀಮೇ ಇಲ್ಲದೆ, ತೆಂಗಿನಹಾಲಿನಲ್ಲಿ ಕಲಸಿದ ಸ್ಪಂಜ್ ಮೇಲೆ ಮಾವಿನ ಹಣ್ಣಿನ ಹೋಳು ಜೋಡಿಸಿ ಕೊಟ್ಟೆ.