ಒಂದೇ ದನ, ಎರಡು ಕಾಯಿಲೆ: ಹಾಲು ಜ್ವರವೂ ಕೀಟೋಸಿಸ್ಸೂ

ಈ ಮಳೆಗಾಲದಲ್ಲಿ ನಮ್ಮ ದೊಡ್ಡ ಎಚ್‌ಎಫ್ ಕ್ರಾಸ್ ದನ ಐದನೇ ಸೂಲು ಕರು ಹಾಕಿತು. ಕ್ಯಾಲ್ಸಿಯಂ ಬಾಟಲಿ ಏರಿಸಲಿಲ್ಲ, ಡೆಕ್ಸ್‌ಟ್ರೋಸ್ ಏರಿಸಲಿಲ್ಲ. ಮೂರನೇ ವಾರಕ್ಕೆ ಹದಿನೆಂಟು ಲೀಟರ್ ದಾಟಿತು. ಸೊಸೈಟಿಯಲ್ಲಿ ಹಾಲು ಅಳೆಯುವಾಗ ಮೊದಲು ನಕ್ಕವರೇ "ಅದೇನು ಮಾಡಿದ್ರಿ ಮಾರಾಯ್ರೆ" ಅಂತ ಕೇಳಿದರು. ಹಾಗಾಗಿ ಬರೆಯುತ್ತಿದ್ದೇನೆ.

ಉಡುಪಿ ಕಡೆಯ ಹಳ್ಳಿಗಳಲ್ಲಿ ಕರು ಹಾಕಿದ ದನ ಒಂದು ಹೊತ್ತು ಹಿಂಡಿ ತಿನ್ನುವುದು ಬಿಟ್ಟರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು, ಕ್ಯಾಲ್ಸಿಯಂ ಏರಿಸಿ. ಅರ್ಧ ಸಲ ಅದು ಸರಿ. ಇನ್ನರ್ಧ ಸಲ ಬಾಟಲಿಯ ದುಡ್ಡೂ ಹೋಗುತ್ತೆ, ಹಾಲೂ ಹೋಗುತ್ತೆ. ನಮ್ಮ ದನಕ್ಕೆ ನಾಲ್ಕನೇ ಸೂಲಿನಲ್ಲಿ ಎರಡೂ ಕಾಯಿಲೆ ಬಂತು, ಒಂದರ ಹಿಂದೆ ಒಂದು. ಅದರಿಂದಲೇ ವ್ಯತ್ಯಾಸ ನನಗೆ ಕಣ್ಣಾರೆ ಗೊತ್ತಾಯಿತು.

ಮೊದಲನೆಯದು ಕರು ಹಾಕಿದ ರಾತ್ರಿಯೇ. ಸಂಜೆ ಕರು ಹಾಕಿತ್ತು, ಗಿಣ್ಣು ಹಾಲು ಪೂರ್ತಿ ಹಿಂಡಿ ಆಗಿತ್ತು. ಹನ್ನೊಂದು ಗಂಟೆ ಹೊತ್ತಿಗೆ ಹಿಂಗಾಲು ತೂರಾಡಲು ಶುರು. ಸ್ವಲ್ಪ ಹೊತ್ತಿನಲ್ಲೇ ಕೂತುಬಿಟ್ಟಿತು. ಕುತ್ತಿಗೆ ಪಕ್ಕೆಯ ಕಡೆ ತಿರುಗಿಸಿಕೊಂಡಿತ್ತು, ನೇರ ಮಾಡಿ ಬಿಟ್ಟರೆ ಮತ್ತೆ ಹಾಗೇ ತಿರುಗುತ್ತಿತ್ತು. ಮೂತಿ ಒಣಗಿತ್ತು. ಸಗಣಿ ಇಲ್ಲ, ಮೆಲುಕಿಲ್ಲ. ಕಿವಿ ಹಿಡಿದರೆ ತಣ್ಣಗೆ. ಥರ್ಮಾಮೀಟರ್ ಹಾಕಿದಾಗ 98 ಡಿಗ್ರಿ ಚಿಲ್ಲರೆ ತೋರಿಸಿತು. ಆರೋಗ್ಯವಾಗಿರುವ ದನಕ್ಕೆ ಸುಮಾರು 101.5 ಇರಬೇಕು. ಕರು ಹಾಕಿ ಮೂರು ದಿನದೊಳಗೆ, ಮೂರನೇ ಸೂಲು ದಾಟಿದ ದನ, ತಣ್ಣನೆ ಕಿವಿ, ಇಳಿದ ಟೆಂಪರೇಚರ್. ಇಷ್ಟು ಒಟ್ಟಿಗೆ ಕಂಡರೆ ಹಾಲು ಜ್ವರ, ಅಂದರೆ ರಕ್ತದ ಕ್ಯಾಲ್ಸಿಯಂ ಇಳಿದಿದೆ ಅಂತ ಹಿಡಿಯಿರಿ, ಬೆಳಗಿನವರೆಗೆ ಕಾಯಬೇಡಿ.

ಡಾಕ್ಟ್ರು ಬರುವ ತನಕ ಎರಡು ಕೆಲಸ ಮಾಡಿದೆವು. ಪಕ್ಕಕ್ಕೆ ಉರುಳಿ ಹೊಟ್ಟೆ ಉಬ್ಬಿಸಿಕೊಳ್ಳದ ಹಾಗೆ ಬೈಹುಲ್ಲಿನ ಕಟ್ಟಿನ ಆಸರೆ ಕೊಟ್ಟು ಕೂರಿಸಿದೆವು. ಬಾಯಿಗೆ ಏನನ್ನೂ ಹೊಯ್ಯಲಿಲ್ಲ. ಬಿದ್ದ ದನಕ್ಕೆ ನುಂಗುವ ಶಕ್ತಿ ಇರೋದಿಲ್ಲ, ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತೆ. ನಮ್ಮೂರಲ್ಲೇ ಒಂದು ಜೆರ್ಸಿ ಹಾಗೆ ಸತ್ತಿದೆ. ಕಾಯಿಲೆ ಹಾಲು ಜ್ವರ, ಕೊಂದದ್ದು ಬಾಯಿಗೆ ಹೊಯ್ದ ಕಷಾಯ.

ಡಾಕ್ಟ್ರು 450 ಎಂಎಲ್‌ನ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಉಗುರು ಬೆಚ್ಚಗೆ ಮಾಡಿಸಿದರು. ಕುತ್ತಿಗೆಯ ನರಕ್ಕೆ ನಿಧಾನ, ಕಾಲು ಗಂಟೆಗೂ ಜಾಸ್ತಿ ಹೊತ್ತು ಬಿಟ್ಟರು, ಸ್ಟೆತಸ್ಕೋಪ್ ಎದೆಯ ಮೇಲೇ ಇತ್ತು. ನಡುವೆ ಒಮ್ಮೆ ಎದೆಬಡಿತ ತಪ್ಪಿದ ಹಾಗಾಯಿತು ಅಂತ ಪೂರ್ತಿ ನಿಲ್ಲಿಸಿ, ಸರಿಯಾದ ಮೇಲೆ ಮತ್ತೆ ಬಿಟ್ಟರು. ಸ್ವಲ್ಪ ಭಾಗ ಚರ್ಮದಡಿಗೂ ಕೊಟ್ಟರು. ಕ್ಯಾಲ್ಸಿಯಂ ಬೇಗ ಬೇಗ ಏರಿಸಿದರೆ ಹೃದಯ ನಿಂತೇ ಹೋಗಬಹುದು. ಬಾಟಲಿ ಎತ್ತಿ ಹಿಡಿದು "ಬೇಗ ಮುಗಿಸಿ" ಅನ್ನುವವರನ್ನು ಹಟ್ಟಿಯಿಂದ ಹೊರಗೆ ಕಳಿಸಿ.

ಬಾಟಲಿ ಮುಗಿಯುವ ಹೊತ್ತಿಗೆ ತೊಡೆಯ ಮಾಂಸ ನಡುಗಿತು. ಆಮೇಲೆ ಒಂದು ದೊಡ್ಡ ತೇಗು. ಮೂತಿಯಲ್ಲಿ ಸಣ್ಣ ಸಣ್ಣ ಬೆವರ ಹನಿ ಮೂಡಿತು, ಸಗಣಿ ಹಾಕಿತು. ಅರ್ಧ ಗಂಟೆಯಲ್ಲಿ ಎದ್ದು ನಿಂತು ಕರುವನ್ನು ನೆಕ್ಕಿತು. ಹಾಲು ಜ್ವರದ ಗುರುತೇ ಇದು, ಮದ್ದು ಸರಿಯಾದರೆ ಕಣ್ಣೆದುರೇ ಉತ್ತರ ಸಿಗುತ್ತೆ. ಕ್ಯಾಲ್ಸಿಯಂ ಕೊಟ್ಟೂ ಏಳದ ದನ ಹುಷಾರಾಗಿ ತಿನ್ನುತ್ತಾ ಕೂತಿದ್ದರೆ ಕಾಲಿನ ನರ ಅಥವಾ ಮಾಂಸಕ್ಕೆ ಪೆಟ್ಟಾಗಿರಬಹುದು. ಆಗ ಬಾಟಲಿ ಮೇಲೆ ಬಾಟಲಿ ಏರಿಸಿ ಪ್ರಯೋಜನವಿಲ್ಲ. ಮೆತ್ತನೆ ಹಾಸಿಗೆ ಹಾಕಿ ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಆ ರಾತ್ರಿಯ ಖರ್ಚು ಎಲ್ಲ ಸೇರಿ ಹದಿನೈದು ನೂರರ ಆಸುಪಾಸು. ಬಿದ್ದದ್ದು ಒಂದು ದಿನದೊಳಗೆ ಮತ್ತೆ ಬೀಳುವುದುಂಟು, ಹಾಗಾಗಿ ಎದ್ದ ಮೇಲೆ ಬಾಯಿಗೆ ಕ್ಯಾಲ್ಸಿಯಂ ಜೆಲ್ ಕೊಟ್ಟೆವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂರನೇ ವಾರ ದನ ಹಿಂಡಿ ಬಿಟ್ಟಿತು. ಬೈಹುಲ್ಲು ಮಾತ್ರ ತಿನ್ನುತ್ತಿತ್ತು. ಹದಿನೆಂಟು ಲೀಟರ್ ಹಾಲು ನಾಲ್ಕೈದು ದಿನದಲ್ಲಿ ಹನ್ನೊಂದಕ್ಕೆ ಇಳಿಯಿತು. ಸಗಣಿ ಗಟ್ಟಿ, ಮೇಲೆ ಲೋಳೆಯ ಹೊಳಪು. ಬೆನ್ನು ಮೂಳೆ ದಿನಕ್ಕಿಷ್ಟು ಎದ್ದು ಕಾಣುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಹಟ್ಟಿಯ ಕಂಬವನ್ನು ಬಿಡದೆ ನೆಕ್ಕುತ್ತಿದೆ.

ನೆರೆಮನೆಯ ಭಟ್ರು ಬಂದು ನೋಡಿದರು. "ಅದೇ ವಾಪಸ್ ಬಂದದ್ದು ಮಾರಾಯ, ಇನ್ನೊಂದು ಕ್ಯಾಲ್ಸಿಯಂ ಏರಿಸು." ಅಪ್ಪನದ್ದೂ ಅದೇ ಮಾತು. ನನಗೆ ಒಪ್ಪಿಗೆಯಾಗಲಿಲ್ಲ. ಕಿವಿ ಬೆಚ್ಚಗಿತ್ತು, ಟೆಂಪರೇಚರ್ ಸರಿಯಿತ್ತು, ದನ ನಾಲ್ಕು ಕಾಲಲ್ಲಿ ನಿಂತಿತ್ತು. ಹಾಲು ಜ್ವರ ಗಂಟೆಗಳಲ್ಲಿ ಬೀಳಿಸುತ್ತೆ, ಇದು ದಿನಗಟ್ಟಲೆ ಸೊರಗಿಸುತ್ತಿತ್ತು. ಮನೆಯವಳು ಹಾಲು ಕರೆಯುವಾಗ ಬಾಯಿಂದ ನೇಲ್ ಪಾಲಿಶ್ ತೆಗೆಯುವ ಮದ್ದಿನ ವಾಸನೆ ಬರುತ್ತೆ ಅಂದಳು. ನನಗೆ ಆ ವಾಸನೆ ಇವತ್ತಿಗೂ ಗೊತ್ತಾಗೋದಿಲ್ಲ. ಕೆಲವರ ಮೂಗಿಗೆ ಅದು ಹಿಡಿಯುವುದೇ ಇಲ್ಲವಂತೆ. ಮೂಗನ್ನು ನಂಬಿ ಕೂರಬೇಡಿ.

ಮೆಡಿಕಲ್‌ನಲ್ಲಿ ಸಕ್ಕರೆ ಕಾಯಿಲೆಯವರಿಗೆಂದು ಮಾರುವ ಮೂತ್ರದ ಕೀಟೋನ್ ಪಟ್ಟಿ ತಂದೆ. ಡಬ್ಬಿಗೆ ಕೆಲವು ನೂರು ರೂಪಾಯಿ. ಬಾಲದ ಕೆಳಗೆ ಮೆಲ್ಲಗೆ ಸವರಿದರೆ ದನ ಮೂತ್ರ ಬಿಡುತ್ತೆ. ಪಟ್ಟಿ ಅದ್ದಿ 15 ಸೆಕೆಂಡ್ ಕಾದೆ, ಕಡು ನೇರಳೆ ಬಣ್ಣಕ್ಕೆ ತಿರುಗಿತು. ಆರೋಗ್ಯವಾಗಿದ್ದ ಪಕ್ಕದ ದನದ್ದಕ್ಕೆ ಬಣ್ಣ ಬದಲಾಗಲೇ ಇಲ್ಲ. ಒಂದು ಎಚ್ಚರಿಕೆ. ನಮ್ಮ ಮಳೆಗಾಲದ ತೇವಕ್ಕೆ ಈ ಪಟ್ಟಿ ಬೇಗ ಕೆಡುತ್ತೆ. ಡಬ್ಬಿ ತೆರೆದಿಟ್ಟರೆ ಅದ್ದುವ ಮೊದಲೇ ಕಪ್ಪಾಗುತ್ತೆ. ಹೊಸ ಡಬ್ಬಿ ತಂದಾಗ ಆರೋಗ್ಯದ ದನದ ಮೂತ್ರದಲ್ಲಿ ಒಮ್ಮೆ ನೋಡಿಕೊಳ್ಳಿ.

ಡಾಕ್ಟ್ರಿಗೆ ಪಟ್ಟಿ ತೋರಿಸಿದೆ. ಅವರು ಗರ್ಭಕೋಶದ ಕೀವು, ಹೊಟ್ಟೆ ಇತ್ಯಾದಿ ನೋಡಿದರು. ಬೇರೆ ಕಾಯಿಲೆಯಿಂದ ತಿನ್ನುವುದು ಬಿಟ್ಟರೂ ಕೀಟೋನ್ ಏರುತ್ತೆ. ಜ್ವರವಿದ್ದರೆ ಅದನ್ನು ಮೊದಲು ಹುಡುಕಬೇಕು. ಏನೂ ಇರಲಿಲ್ಲ. ಹಾಲಿಗೆ ಬೇಕಾದ ಸಕ್ಕರೆ ತಿಂದದ್ದರಲ್ಲಿ ಸಿಗದೆ ದನ ತನ್ನದೇ ಕೊಬ್ಬು ಕರಗಿಸುತ್ತಿತ್ತು, ಅದರಿಂದ ಬಂದದ್ದೇ ಕೀಟೋನ್, ಈ ಕಾಯಿಲೆಯೇ ಕೀಟೋಸಿಸ್. ನರಕ್ಕೆ ಡೆಕ್ಸ್‌ಟ್ರೋಸ್ ಏರಿಸಿದರು, ಬಿ12 ಚುಚ್ಚಿದರು. ಸಂಜೆ ಹಿಂಡಿಗೆ ಮೂತಿ ಹಾಕಿತು, ಬೆಳಿಗ್ಗೆ ಮತ್ತೆ ಬಿಟ್ಟಿತು. ಡೆಕ್ಸ್‌ಟ್ರೋಸ್‌ನ ಬಲ ಕೆಲವೇ ಗಂಟೆ. ಬಾಟಲಿ ಒಂದೇ ಏರಿಸಿ ಸುಮ್ನೆ ಕೂತವರು ಸೋಲುವುದು ಇಲ್ಲೇ.

ಕೆಲಸ ಮಾಡಿದ್ದು ಪ್ರೊಪಿಲಿನ್ ಗ್ಲೈಕಾಲ್. ದಿನಕ್ಕೊಮ್ಮೆ ಸುಮಾರು 300 ಎಂಎಲ್, ಐದು ದಿನ, ಬಾಯಿಗೆ ನಿಧಾನವಾಗಿ, ತಲೆ ಜಾಸ್ತಿ ಎತ್ತದೆ. ಇದು ಹೊಟ್ಟೆಯಿಂದ ರಕ್ತಕ್ಕೆ ಸೇರಿ ಲಿವರ್‌ನಲ್ಲಿ ಸಕ್ಕರೆಯಾಗುತ್ತೆ. ಒಳ್ಳೆಯದೆಂದು ಎರಡು ಮೂರು ಪಟ್ಟು ಹೊಯ್ದರೆ ದನ ಕುಡಿದವರ ಹಾಗೆ ಮಂಕಾಗುತ್ತೆ. ಮೂರನೇ ದಿನಕ್ಕೆ ಪಟ್ಟಿಯ ಬಣ್ಣ ತೆಳುವಾಯಿತು, ವಾರದಲ್ಲಿ ಹಿಂಡಿ ಪೂರ್ತಿ ತಿಂದಿತು. ಹಾಲು ಹದಿನೈದಕ್ಕೆ ಬಂದು ನಿಂತಿತು, ಹದಿನೆಂಟು ಆ ಸೂಲಿನಲ್ಲಿ ಮತ್ತೆ ಕಾಣಲಿಲ್ಲ. ಅದರ ರುಚಿ ದನಕ್ಕೆ ಹಿಡಿಸೋದಿಲ್ಲ. ನಾನು ಒಂದು ವಸ್ತು ಬೆರೆಸಿ ತಾನಾಗಿ ಕುಡಿಯುವ ಹಾಗೆ ಮಾಡಿದ್ದೇನೆ. ಅದನ್ನು ಹಟ್ಟಿಗೆ ಬಂದವರಿಗೆ ಹೇಳುತ್ತೇನೆ, ಇಲ್ಲಿ ಬರೆಯೋದಿಲ್ಲ.

ಬೆಲ್ಲದ ಪ್ರಯೋಗವನ್ನೂ ಮಾಡಿ ನೋಡಿದ್ದೆ, ಅಜ್ಜಿ ಕಾಲದ ಮದ್ದು ಅಲ್ವಾ. ಎರಡು ದಿನ ಬೆಲ್ಲದ ನೀರು ಕೊಟ್ಟರೂ ಪಟ್ಟಿ ನೇರಳೆಯೇ. ಬೆಲ್ಲ ಹೊಟ್ಟೆಯ ದೊಡ್ಡ ಚೀಲದಲ್ಲೇ ಹುಳಿಯಾಗಿ ಹೋಗುತ್ತೆ, ಸಕ್ಕರೆಯಾಗಿ ರಕ್ತಕ್ಕೆ ತಲುಪುವುದು ತೀರಾ ಕಮ್ಮಿ. ಜಾಸ್ತಿ ಕೊಟ್ಟರೆ ಹೊಟ್ಟೆ ಕೆಟ್ಟು ಇರುವ ಹಸಿವೂ ಹೋಗುತ್ತೆ.

ಲೆಕ್ಕ ಹಾಕಿದರೆ ಮದ್ದಿಗಿಂತ ಹಾಲೇ ದೊಡ್ಡ ನಷ್ಟ. ಏಳು ಲೀಟರ್ ಕಡಿಮೆ ಅಂದರೆ ದಿನಕ್ಕೆ ಇನ್ನೂರೈವತ್ತರ ಹತ್ತಿರ. ಆಮೇಲೆ ತಿಂಗಳುಗಟ್ಟಲೆ ಮೂರು ಲೀಟರ್ ಹೋದದ್ದು ಬೇರೆ.

ಮುಂದಿನ ಸೂಲಿಗೆ ನಾನು ಬದಲಿಸಿದ್ದು ಗಬ್ಬದ ಕೊನೆಯ ತಿಂಗಳನ್ನು. ಎಲ್ಲರೂ ನಕ್ಕದ್ದು ಇದಕ್ಕೇ. ಕೊನೆಯ ಮೂರು ವಾರ ಕ್ಯಾಲ್ಸಿಯಂ ಟಾನಿಕ್ ಪೂರ್ತಿ ಬಂದ್. "ಕರು ಹಾಕುವ ದನಕ್ಕೆ ಕ್ಯಾಲ್ಸಿಯಂ ತಪ್ಪಿಸೋದಾ?" ಅಂತ ಅಪ್ಪ ಎರಡು ದಿನ ಮಾತು ಬಿಟ್ಟರು. ಹೊರಗಿನಿಂದ ಸುರಿಯುತ್ತಲೇ ಇದ್ದರೆ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುವ ವ್ಯವಸ್ಥೆ ನಿದ್ದೆ ಹೋಗುತ್ತೆ. ಗಿಣ್ಣಿಗೆ ಒಮ್ಮೆಲೇ ಬೇಕಾದಾಗ ಅದು ಏಳುವ ಹೊತ್ತಿಗೆ ದನ ಬಿದ್ದಿರುತ್ತೆ. ಹಟ್ಟಿಯ ಸ್ಲರಿ ಬಿಟ್ಟು ಬೆಳೆಸಿದ ನೇಪಿಯರ್ ಹುಲ್ಲನ್ನೂ ಗಬ್ಬದ ದನಕ್ಕೆ ನಿಲ್ಲಿಸಿದೆ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಅದೂ ಹಾಲು ಜ್ವರಕ್ಕೆ ದಾರಿ. ಸ್ಲರಿ ಕಾಣದ ಗುಡ್ಡೆಯ ಹುಲ್ಲು ಕೊಯ್ದು ತಂದೆವು.

ಅದರ ಜೊತೆ ಡಾಕ್ಟ್ರು ಹೇಳಿದ ಆನಯಾನಿಕ್ ಮಿಶ್ರಣ ಆ ಮೂರು ವಾರ ಕೊಟ್ಟೆ, ರಕ್ತವನ್ನು ಸ್ವಲ್ಪ ಹುಳಿ ಕಡೆ ತಿರುಗಿಸಿ ಮೂಳೆಯ ಕ್ಯಾಲ್ಸಿಯಂ ಬಿಡಿಸುವ ಲವಣಗಳು ಅವು. ಕೆಲಸ ಮಾಡುತ್ತಿದೆಯಾ ಅಂತ ಪಿಎಚ್ ಕಾಗದದಲ್ಲಿ ಮೂತ್ರ ನೋಡಿದೆ. ಎಂಟರ ಮೇಲಿದ್ದದ್ದು ವಾರದಲ್ಲಿ ಆರೂವರೆಯ ಹತ್ತಿರ ಇಳಿಯಿತು. ಇಳಿಯದಿದ್ದರೆ ದನ ಮಿಶ್ರಣ ತಿನ್ನದೆ ಬಿಡುತ್ತಿರಬಹುದು, ಕಹಿ ಅಷ್ಟಿದೆ. ಕರು ಹಾಕಿದ ದಿನ ಅದನ್ನು ನಿಲ್ಲಿಸಿ, ಜೆಲ್ ಒಂದು ಕೊಟ್ಟು, ಮರುದಿನ ಇನ್ನೊಂದು. ಮೊದಲ ಎರಡು ದಿನ ಕೆಚ್ಚಲು ಪೂರ್ತಿ ಬರಿದು ಮಾಡಲಿಲ್ಲ.

ಕೀಟೋಸಿಸ್‌ಗೆ ಮಾಡಿದ್ದು ಇನ್ನೂ ಸರಳ. ಹಾಲು ಬತ್ತಿಸಿದ ಮೇಲೆ ಹಿಂಡಿ ಕೊಟ್ಟು ಕೊಬ್ಬಿಸಲಿಲ್ಲ. ಕೊಬ್ಬಿದ ದನವೇ ಕರು ಹಾಕಿದ ಮೇಲೆ ಮೊದಲು ತಿನ್ನುವುದು ಬಿಡುತ್ತೆ. ಕೊನೆಯ ಎರಡು ವಾರ ಮಾತ್ರ ಸ್ವಲ್ಪ ಸ್ವಲ್ಪ ಹಿಂಡಿ ಏರಿಸಿದೆ, ಕರು ಹಾಕಿದ ಮೇಲೂ ದಿನಕ್ಕೆ ಅರ್ಧ ಕಿಲೋದಷ್ಟೇ ಹೆಚ್ಚಿಸುತ್ತಾ ಹೋದೆ. ಒಂದು ತಿಂಗಳು ವಾರಕ್ಕೆರಡು ಸಲ ಪಟ್ಟಿ ಅದ್ದಿದೆ. ಎರಡನೇ ವಾರ ಒಮ್ಮೆ ತೆಳು ಬಣ್ಣ ಕಂಡಿತು, ಮೂರು ದಿನ ಗ್ಲೈಕಾಲ್ ಕೊಟ್ಟೆ, ಹೋಯಿತು. ಹಾಲು ಇಳಿಯಲೇ ಇಲ್ಲ. ಖರ್ಚು ಎಲ್ಲ ಸೇರಿ ಎರಡು ಸಾವಿರದೊಳಗೆ.

ಭಟ್ರು ಈಗ ತಮ್ಮ ಮೊದಲ ಸೂಲಿನ ಕಡಸಿಗೂ ಆನಯಾನಿಕ್ ಮಿಶ್ರಣ ಬೇಕು ಅಂತ ಕೇಳಿದರು. ಬೇಡ ಅಂದೆ. ಕಡಸಿಗೆ ಹಾಲು ಜ್ವರ ಬರುವುದು ತೀರಾ ಅಪರೂಪ, ಆ ಕಹಿಗೆ ತಿನ್ನುವುದು ಕಡಿಮೆಯಾದರೆ ನಷ್ಟ ಅದಕ್ಕೇ. ಅವರಿಗೆ ಪಟ್ಟಿಯ ಡಬ್ಬಿ ಮಾತ್ರ ಕೊಟ್ಟೆ, ಮುಚ್ಚಳ ಗಟ್ಟಿ ಹಾಕಿ ಇಡಿ ಅಂತ ಹೇಳಿ.