ಎರಡು ಕ್ರಾಂತಿಗಳನ್ನು ಹೋಲಿಸುವುದು ಹೇಗೆ?

ಹಾಸನದ ಪದವಿ ತರಗತಿಗಳಲ್ಲಿ ಇತಿಹಾಸ ಬೋಧಿಸುತ್ತ ನಾನು ಓದಿರುವ ಉತ್ತರಪತ್ರಿಕೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣಿಸುತ್ತದೆ. ‘ರಷ್ಯಾದ 1905ರ ದಂಗೆ ಸೋತು 1917ರ ಕ್ರಾಂತಿ ಗೆದ್ದದ್ದೇಕೆ?’ ಎಂದು ಕೇಳಿದರೆ ವಿದ್ಯಾರ್ಥಿಗಳು ಬಡತನ, ಭೂಮಿಯ ಹಸಿವು, ಝಾರ್ ದೊರೆಯ ನಿರಂಕುಶತೆ, ಯುದ್ಧದ ಸೋಲು ಎಂದು ಕಾರಣಗಳನ್ನು ಪಟ್ಟಿ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ಈ ಕಾರಣಗಳು ಎರಡೂ ವರ್ಷಗಳಲ್ಲಿ ಇದ್ದವು. ಎರಡೂ ಕಡೆ ಇದ್ದದ್ದು ಸೋಲು ಗೆಲುವಿನ ವ್ಯತ್ಯಾಸವನ್ನು ವಿವರಿಸಲಾರದು ಎಂಬ ಸರಳ ಸಂಗತಿಯನ್ನು ಮೊದಲು ಮನಸ್ಸಿಗೆ ತಂದುಕೊಂಡರೆ ಮುಂದಿನ ಕೆಲಸ ತಾನಾಗಿ ತೆರೆದುಕೊಳ್ಳುತ್ತದೆ.

ಮೊದಲ ಹೆಜ್ಜೆ ಜೋಡಿಯನ್ನು ಆರಿಸುವುದು. ಫ್ರಾನ್ಸನ್ನೂ ಚೀನಾವನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸಗಳು ನೂರಾರು ಸಿಗುತ್ತವೆ, ಅವುಗಳಲ್ಲಿ ಯಾವುದು ಫಲಿತಾಂಶವನ್ನು ನಿರ್ಧರಿಸಿತೆಂದು ಹೇಳುವುದು ಅಸಾಧ್ಯ. ಆದ್ದರಿಂದ ಆದಷ್ಟು ಹೋಲುವ ಎರಡು ಪ್ರಸಂಗಗಳನ್ನೇ ಹಿಡಿಯಬೇಕು. ಒಂದೇ ದೇಶ, ಒಂದೇ ರಾಜಧಾನಿ, ಅದೇ ಎರಡನೇ ನಿಕೋಲಸ್, ನಡುವೆ ಹನ್ನೆರಡೇ ವರ್ಷ: ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲವೆಂದು ನಾನು ಖಚಿತವಾಗಿ ಹೇಳುತ್ತೇನೆ.

ಎರಡನೆಯ ಹೆಜ್ಜೆ ದಿನಾಂಕಗಳನ್ನು ಒಂದೇ ಪಂಚಾಂಗಕ್ಕೆ ತರುವುದು. ರಷ್ಯಾದ ಹಳೆಯ ಪಂಚಾಂಗ ಆಗ ನಮ್ಮದಕ್ಕಿಂತ 13 ದಿನ ಹಿಂದಿತ್ತು. 1917ರ ‘ಫೆಬ್ರವರಿ ಕ್ರಾಂತಿ’ ನಮ್ಮ ಲೆಕ್ಕದಲ್ಲಿ ಮಾರ್ಚ್ ತಿಂಗಳಲ್ಲಿ ನಡೆಯಿತು. ಪರೀಕ್ಷೆಯ ಹಿಂದಿನ ವಾರ ಮಾರಾಟವಾಗುವ ಗೈಡುಗಳಲ್ಲಿ ಎರಡೂ ಲೆಕ್ಕಗಳನ್ನು ಒಂದೇ ಪುಟದಲ್ಲಿ ಬೆರೆಸಿರುವುದನ್ನು ನೋಡಿದ್ದೇನೆ. ಅಂಥವನ್ನು ನಂಬಿದರೆ ಯಾವುದು ಮೊದಲು, ಯಾವುದು ನಂತರ ಎಂಬುದೇ ತಲೆಕೆಳಗಾಗುತ್ತದೆ. ಇಲ್ಲಿ ನಾನು ಹೊಸ ಪಂಚಾಂಗವನ್ನೇ ಬಳಸಿದ್ದೇನೆ.

ಮೂರನೆಯ ಹೆಜ್ಜೆಯಲ್ಲಿ ಹಾಳೆಯನ್ನು ಮೂರು ಕಂಬವಾಗಿ ಗೆರೆ ಎಳೆದು, ಎಡಕ್ಕೆ ಪ್ರಶ್ನೆ, ನಡುವೆ 1905, ಬಲಕ್ಕೆ 1917 ಎಂದು ಬರೆದು, ಎರಡೂ ಕಡೆ ಒಂದೇ ಉತ್ತರ ಬರುವ ಸಾಲುಗಳನ್ನು ಪೆನ್ಸಿಲ್ಲಿನಿಂದ ಹೊಡೆದುಹಾಕಿ. ಹಸಿವು, ಭೂಮಿ, ಕಾರ್ಖಾನೆಯ ದುಡಿಮೆಯ ಅವಧಿ, ಮುಷ್ಕರ ಎಲ್ಲವೂ ಅಳಿಸಿಹೋಗುತ್ತವೆ. ಇದಕ್ಕೆ ಹತ್ತು ನಿಮಿಷ ಸಾಕು.

ಜನ ಎಡವುವುದು ನಾಲ್ಕನೆಯ ಹೆಜ್ಜೆಯಲ್ಲಿ, ಅಂದರೆ ಗುಂಡು ಹಾರಿಸುವ ಆಜ್ಞೆ ಬಂದ ದಿನ ಸೈನಿಕರು ಏನು ಮಾಡಿದರು ಎಂದು ನೋಡುವಾಗ. ‘ಸೈನ್ಯ ನಿಷ್ಠವಾಗಿತ್ತು’, ‘ಸೈನ್ಯ ತಿರುಗಿಬಿತ್ತು’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ಉತ್ತರವಲ್ಲ. ಯಾವ ತುಕಡಿ, ಅದರಲ್ಲಿ ಎಂಥ ಜನ, ಅವರನ್ನು ಎಲ್ಲಿಂದ ತಂದರು ಎಂದು ಕೇಳಬೇಕು.

1905ರ ಜನವರಿ 22ರಂದು ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪಾದ್ರಿ ಗಪೋನ್ ಮುಂದಾಳುತನದಲ್ಲಿ ಅರಮನೆಯತ್ತ ಅರ್ಜಿ ಹಿಡಿದು ಹೊರಟ ಕಾರ್ಮಿಕರ ಮೇಲೆ ಗುಂಡು ಹಾರಿಸಲಾಯಿತು, ಸೈನಿಕರು ಆಜ್ಞೆ ಪಾಲಿಸಿದರು. ಆ ವರ್ಷ ಪೊಟೆಂಕಿನ್ ಯುದ್ಧನೌಕೆಯಂಥ ಬಂಡಾಯಗಳು ನಡೆದವಾದರೂ ಅವು ಒಂದಕ್ಕೊಂದು ಕೂಡಿಕೊಳ್ಳಲಿಲ್ಲ. ಡಿಸೆಂಬರಿನಲ್ಲಿ ಮಾಸ್ಕೋದ ಕಾರ್ಮಿಕರು ಬೀದಿಗಳಿಗೆ ಅಡ್ಡಗಟ್ಟೆ ಹಾಕಿ ಹೋರಾಟಕ್ಕಿಳಿದಾಗ ಆ ನಗರದ ಸೈನಿಕರನ್ನು ಸರ್ಕಾರವೇ ನಂಬಲಿಲ್ಲ, ಬಹಳಷ್ಟು ಮಂದಿಯನ್ನು ಬ್ಯಾರಕ್ಕುಗಳಲ್ಲೇ ಕೂಡಿಟ್ಟಿತು. ಹಾಗಿದ್ದರೆ ದಂಗೆ ಮುರಿದದ್ದು ಹೇಗೆ? ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಸೆಮ್ಯೋನೊವ್ಸ್ಕಿ ರಕ್ಷಕ ರೆಜಿಮೆಂಟನ್ನು ರೈಲಿನಲ್ಲಿ ತರಿಸಲಾಯಿತು. ಆ ಎರಡು ನಗರಗಳ ನಡುವಿನ ಮಾರ್ಗವೊಂದು ಮುಷ್ಕರಕ್ಕೆ ಸಿಕ್ಕದೆ ಓಡುತ್ತಿತ್ತು. ಮಾಸ್ಕೋದ ಬೀದಿಗಳ ಪರಿಚಯವಿಲ್ಲದ ಆ ತರಬೇತಾದ ಪಡೆ ಬಂದಿಳಿದ ಮೇಲೆ ಪ್ರೆಸ್ನ್ಯಾ ಎಂಬ ಕಾರ್ಮಿಕರ ಬಡಾವಣೆಯ ಮೇಲೆ ಫಿರಂಗಿ ಸಿಡಿಯಿತು, ಕೆಲವೇ ದಿನಗಳಲ್ಲಿ ಎಲ್ಲವೂ ಮುಗಿಯಿತು.

1917ರ ಮಾರ್ಚ್ 8ರಂದು ಅದೇ ರಾಜಧಾನಿಯಲ್ಲಿ, ಆಗಿನ ಹೆಸರಿನ ಪೆಟ್ರೊಗ್ರಾಡ್‌ನಲ್ಲಿ, ಬಟ್ಟೆ ಗಿರಣಿಗಳ ಹೆಣ್ಣುಮಕ್ಕಳು ರೊಟ್ಟಿಗಾಗಿ ಬೀದಿಗಿಳಿದರು. 11ರ ಭಾನುವಾರ ಸೈನಿಕರು ಗುಂಡು ಹಾರಿಸಿದರು; ಅಂದು ಸಂಜೆ ನೋಡಿದವರಿಗೆ 1905 ಮರುಕಳಿಸಿದಂತೆಯೇ ಕಂಡಿರಬೇಕು. ಆದರೆ ವೊಲಿನ್ಸ್ಕಿ ರೆಜಿಮೆಂಟಿನ ತರಬೇತಿ ತುಕಡಿ ಮರುದಿನ ಬೆಳಿಗ್ಗೆ ಮತ್ತೆ ಹೊರಡಲು ಒಪ್ಪಲಿಲ್ಲ. ಆ ತುಕಡಿಯವರು ತಮ್ಮ ಅಧಿಕಾರಿಯನ್ನು ಕೊಂದು ಪಕ್ಕದ ಬ್ಯಾರಕ್ಕುಗಳಿಗೆ ಓಡಿ ಇತರರನ್ನೂ ಹೊರಡಿಸಿದರು. ಹಿಂದಿನ ದಿನ ಗುಂಡು ಹಾರಿಸಿದ್ದವರಲ್ಲೇ ಆಜ್ಞೆ ಮುರಿದವರೂ ಇದ್ದರೆಂಬುದನ್ನು ಗಮನಿಸಿ. ನಿಷ್ಠೆ ಎಂಬುದು ಸೈನ್ಯಕ್ಕೆ ಅಂಟಿಕೊಂಡ ಗುಣವಲ್ಲ, ಒಂದು ರಾತ್ರಿಯ ಯೋಚನೆಗೆ ಅದು ಬದಲಾಗಬಲ್ಲದು. ಸಕಲೇಶಪುರದ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಇದನ್ನು ಓದಿ, ‘ಹಾಗಾದರೆ ಮಾಸ್ಕೋಗೆ ಹೋದ ರೆಜಿಮೆಂಟು ಆಗ ಎಲ್ಲಿತ್ತು ಸರ್?’ ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆ ಅದೇ.

ಹಳೆಯ ಪಳಗಿದ ರಕ್ಷಕ ದಳಗಳು ಮಹಾಯುದ್ಧದ ರಣರಂಗದಲ್ಲಿದ್ದವು, 1914ರಿಂದಾಚೆಗಿನ ಸಾವುನೋವಿನಲ್ಲಿ ಬಹುಪಾಲು ಕರಗಿಹೋಗಿದ್ದವು. ರಾಜಧಾನಿಯ ಬ್ಯಾರಕ್ಕುಗಳಲ್ಲಿ ಅವುಗಳ ಹೆಸರು ಹೊತ್ತ ಮೀಸಲು ತುಕಡಿಗಳಿದ್ದವು. ಅವುಗಳಲ್ಲಿ ತುಂಬಿದ್ದವರು ಹೊಸದಾಗಿ ಸೇರಿದ ಹುಡುಗರು, ಸಂಸಾರ ಬಿಟ್ಟು ಬಂದ ವಯಸ್ಸಾದವರು, ಗಾಯದಿಂದ ಚೇತರಿಸಿಕೊಂಡು ಮತ್ತೆ ರಣರಂಗಕ್ಕೆ ಹೋಗಲು ಅಂಜುತ್ತಿದ್ದವರು. ರೆಜಿಮೆಂಟಿನ ಹೆಸರೊಂದೇ ಉಳಿದು ಜನ ಬೇರೆಯಾಗಿದ್ದರು. ಹೆಸರು ನೋಡಿ ತೀರ್ಮಾನಿಸುವವರು ಇಲ್ಲೇ ಮೋಸ ಹೋಗುತ್ತಾರೆ. ಸೆಮ್ಯೋನೊವ್ಸ್ಕಿ ಹೆಸರಿನ ಮೀಸಲು ತುಕಡಿಯೂ ಕೊನೆಗೆ ಬಂಡಾಯದ ಕಡೆಗೇ ಸೇರಿತು.

ಐದನೆಯ ಹೆಜ್ಜೆ, ದೊರೆ ಏನನ್ನು ಯಾವಾಗ ಕೊಟ್ಟ ಎಂದು ನೋಡುವುದು. 1905ರ ಸೆಪ್ಟೆಂಬರಿನಲ್ಲಿ ಜಪಾನಿನೊಡನೆ ಯುದ್ಧ ಮುಗಿದು ಸಂಧಿಯಾಗಿತ್ತು, ಅಕ್ಟೋಬರ್ 30ರಂದು ಡ್ಯೂಮಾ ಎಂಬ ಚುನಾಯಿತ ಶಾಸನಸಭೆಯ ವಾಗ್ದಾನ ಹೊರಬಿತ್ತು. ಅದರಿಂದ ತೃಪ್ತರಾದ ಮಂದಿ ಮುಷ್ಕರದಿಂದ ಹಿಂದೆ ಸರಿದಿದ್ದರಿಂದ ಡಿಸೆಂಬರಿನಲ್ಲಿ ಮಾಸ್ಕೋದ ಕಾರ್ಮಿಕರು ಒಂಟಿಯಾದರು. 1917ರಲ್ಲಿ ಅಂಥ ಕೊಡುಗೆ ಸಕಾಲಕ್ಕೆ ಬರಲಿಲ್ಲ. ಸೇನಾಪತಿಗಳೇ ಯುದ್ಧವನ್ನು ಉಳಿಸಿಕೊಳ್ಳಲು ದೊರೆ ಪಟ್ಟ ಬಿಡುವುದು ಮೇಲೆಂದು ತಂತಿ ಕಳಿಸಿದರು, ಮಾರ್ಚ್ 15ರಂದು ನಿಕೋಲಸ್ ಸಹಿ ಹಾಕಿದ. ‘ಯುದ್ಧದಲ್ಲಿ ಸೋತದ್ದರಿಂದ ಕ್ರಾಂತಿ’ ಎಂದು ಬರೆಯುವವರು ಇದನ್ನು ನೋಡಬೇಕು: 1905ರಲ್ಲೂ ಸೋಲು ಇತ್ತು, ಆದರೆ ಅಡ್ಡಗಟ್ಟೆಗಳ ಹೊತ್ತಿಗೆ ಯುದ್ಧ ಮುಗಿದಿತ್ತು.

ಕೊನೆಯದಾಗಿ, ಕಂಡುಕೊಂಡದ್ದನ್ನು ಮೂರನೆಯ ಪ್ರಸಂಗವೊಂದರ ಮೇಲೆ ಪರೀಕ್ಷಿಸಿ. ನಮ್ಮ ನೆರೆಯ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯ ಪಾಳೆಯಗಾರ ಮನೆತನವೂ ಸೇರಿಕೊಂಡಿದ್ದ, ಮಲೆನಾಡಿನ ನಗರ ಎಂಬ ಸೀಮೆಯಲ್ಲಿ ಎದ್ದ 1830–31ರ ನಗರ ದಂಗೆಯನ್ನೇ ನಾನು ಕೊಡುತ್ತೇನೆ. ಕಂದಾಯದ ಕಾಟಕ್ಕೆ ರೈತರು ಕೂಟ ಕಟ್ಟಿ ಎದ್ದರು, ಮೈಸೂರು ಅರಸರ ಸೈನ್ಯದಿಂದ ಅದನ್ನು ಅಡಗಿಸಲಾಗಲಿಲ್ಲ, ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಪಡೆ ಬರಬೇಕಾಯಿತು. ಮಾಸ್ಕೋದಲ್ಲಿ ರೈಲಿನಿಂದ ಇಳಿದವರಂತೆ ಇವರೂ ಹೊರಗಿನವರು, ಆಜ್ಞೆ ಪಾಲಿಸಿದರು. ದಂಗೆ ಮುರಿಯಿತು, ಆದರೆ 1831ರಲ್ಲೇ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಂಪನಿ ತೆಗೆದುಕೊಂಡಿತು. ಇದನ್ನು ಸೋಲೆನ್ನಬೇಕೇ, ಗೆಲುವೆನ್ನಬೇಕೇ ಎಂದು ವಿದ್ಯಾರ್ಥಿಗಳು ತಡವರಿಸುತ್ತಾರೆ. ಹಾಳೆಯ ಕೆಳಗೆ ಇನ್ನೊಂದು ಸಾಲು ಹಾಕಿಸಿ, ‘ದಂಗೆ ಎದ್ದವರಿಗೆ ಅಧಿಕಾರ ಸಿಕ್ಕಿತೇ?’ ಎಂದು ಒಂದು ಚೌಕದಲ್ಲೂ ‘ಇದ್ದ ಆಡಳಿತ ಉಳಿಯಿತೇ?’ ಎಂದು ಇನ್ನೊಂದರಲ್ಲೂ ಬೇರೆ ಬೇರೆಯಾಗಿ ಬರೆಸುತ್ತೇನೆ. ನಗರ ದಂಗೆಯ ಸಾಲಿನಲ್ಲಿ ಎರಡೂ ಚೌಕಗಳಿಗೆ ‘ಇಲ್ಲ’ ಎಂದೇ ಬರುತ್ತದೆ.