ಪಿಡಿಎಫ್ ಕರಾರಿನ ಸಹಿ: ಅಂಟಿಸಿದ ಚಿತ್ರವೋ, ನಿಜವಾದ ಡಿಜಿಟಲ್ ಸಹಿಯೋ?

ಮುಂಬಯಿಯ ಮಾಟುಂಗದಲ್ಲಿರುವ ಒಂದು ಉಡುಪಿ ಹೋಟೆಲಿಗೆ ವರ್ಷವಿಡೀ ಕಾಫಿಪುಡಿ ಪೂರೈಸಲು ಚಿಕ್ಕಮಗಳೂರಿನ ವ್ಯಾಪಾರಿಯೊಬ್ಬರು ಕಿಲೋಗೆ 640 ರೂಪಾಯಿಯಂತೆ ಒಪ್ಪಿ, ಮೂರು ಪುಟಗಳ ಕರಾರನ್ನು ಪಿಡಿಎಫ್ ರೂಪದಲ್ಲಿ ಕಳುಹಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಕೊನೆಯ ಪುಟದಲ್ಲಿ ನೀಲಿ ಶಾಯಿಯ ಅಂದವಾದ ಸಹಿಯಿದೆ. ಆರು ತಿಂಗಳ ಬಳಿಕ ಅದೇ ಸಹಿಯಿರುವ, ಆದರೆ ದರ 690 ಎಂದಿರುವ ಇನ್ನೊಂದು ಪ್ರತಿ ಎದುರಾದರೆ ಯಾವುದು ಮೂಲವೆಂದು ಆ ಸಹಿ ಹೇಳಲಾರದು. ಅದು ಪುಟದ ಮೇಲಿಟ್ಟ ಚಿತ್ರ ಮಾತ್ರ. ಪುಟದ ಅಕ್ಷರಗಳಿಗೂ ಅದಕ್ಕೂ ಯಾವ ನಂಟೂ ಇಲ್ಲ.

ನಿಜವಾದ ಡಿಜಿಟಲ್ ಸಹಿ ಹಾಕುವಾಗ ತಂತ್ರಾಂಶವು ಇಡೀ ಕಡತವನ್ನು ಓದಿ, ಅದರಿಂದ ಹ್ಯಾಶ್ ಎಂಬ ಚಿಕ್ಕ ಸಂಖ್ಯೆಯೊಂದನ್ನು ಲೆಕ್ಕ ಹಾಕುತ್ತದೆ. ಸಹಿದಾರರ ಯುಎಸ್‌ಬಿ ಟೋಕನ್ ಎಂಬ ಪುಟ್ಟ ಸಾಧನದಲ್ಲಿರುವ, ಅವರೊಬ್ಬರಿಗೇ ಸೇರಿದ ಖಾಸಗಿ ಕೀಲಿಯಿಂದ ಆ ಸಂಖ್ಯೆಗೆ ಮುದ್ರೆಯೊತ್ತಿ, ಸಹಿದಾರರ ಗುರುತು ಹೇಳುವ ಪ್ರಮಾಣಪತ್ರದೊಂದಿಗೆ ಕಡತದೊಳಗೇ ಸೇರಿಸುತ್ತದೆ. 640 ಎಂಬುದರಲ್ಲಿ ಒಂದು ಅಂಕಿ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ, ತಿದ್ದುಪಡಿ ಬಯಲಾಗುತ್ತದೆ. ಪುಟದ ಮೇಲೆ ಕಾಣುವ ಹೆಸರು, ದಿನಾಂಕಗಳ ಚೌಕ ಕೇವಲ ಹೊರತೋರಿಕೆ.

ಪರೀಕ್ಷಿಸುವ ಕ್ರಮ ಹೀಗಿದೆ. ಮೊದಲು, ಬಂದ ಮೂಲ ಕಡತವನ್ನೇ ಗಣಕಯಂತ್ರದಲ್ಲಿ ಉಳಿಸಿಕೊಂಡು ಅಕ್ರೋಬ್ಯಾಟ್ ರೀಡರಿನಲ್ಲಿ ತೆರೆಯಬೇಕು. ಮೊಬೈಲಿನ ಸಾಮಾನ್ಯ ಪಿಡಿಎಫ್ ವೀಕ್ಷಕಗಳು ಸಹಿಯನ್ನು ಪರಿಶೀಲಿಸದೆ ಪುಟವನ್ನಷ್ಟೇ ತೋರಿಸುವುದುಂಟು. ಪುಟಗಳ ಮೇಲ್ಭಾಗದಲ್ಲಿ ಸಹಿಯ ಸ್ಥಿತಿಯನ್ನು ಹೇಳುವ ಪಟ್ಟಿ ಬಾರದೆ, Signatures ಫಲಕವೂ ಖಾಲಿಯಿದ್ದರೆ, ಅಲ್ಲಿರುವುದು ಚಿತ್ರ. ರೀಡರಿನದೇ Fill & Sign ಸೌಲಭ್ಯದಿಂದ ಬರೆದ ಸಹಿಯೂ ಇದೇ ಜಾತಿಗೆ ಸೇರಿದ್ದು. ಪುಟದಲ್ಲೇ ಮುದ್ರಿತವಾಗಿರುವ ಹಸಿರು ಗುರುತನ್ನೂ ನಂಬಬೇಕಾಗಿಲ್ಲ, ಅದನ್ನು ಯಾರು ಬೇಕಾದರೂ ಅಂಟಿಸಬಹುದು.

ಎರಡನೆಯ ಹಂತದಲ್ಲಿ ಹಲವರು ತಿರುಗುಮುರುಗಾಗಿ ಯೋಚಿಸುತ್ತಾರೆ. ಹಳದಿ ಪ್ರಶ್ನಾರ್ಥಕ ಚಿಹ್ನೆಯೊಡನೆ ಸಹಿಯ ಸಿಂಧುತ್ವ ತಿಳಿಯದು ಎಂಬ ಸೂಚನೆ ಬಂದರೆ ಸಹಿ ಸುಳ್ಳೆಂದು ತೀರ್ಮಾನಿಸುತ್ತಾರೆ, ಅಂದವಾದ ಚಿತ್ರವನ್ನು ಮಾತ್ರ ಕಣ್ಣುಮುಚ್ಚಿ ಒಪ್ಪಿಕೊಳ್ಳುತ್ತಾರೆ. ಸಹಿದಾರರ ಪ್ರಮಾಣಪತ್ರ ಕೊಟ್ಟ ಸಂಸ್ಥೆ ನಿಮ್ಮ ರೀಡರಿನ ನಂಬಿಕೆಯ ಪಟ್ಟಿಯಲ್ಲಿಲ್ಲ ಎಂಬುದಷ್ಟೇ ಆ ಚಿಹ್ನೆಯ ಸಾಮಾನ್ಯ ಅರ್ಥ. ಆಗ ಸಹಿಯ ಮೇಲೆ ಒತ್ತಿ Signature Properties, ಅಲ್ಲಿಂದ Show Signer's Certificate ತೆರೆದು, ಪ್ರಮಾಣಪತ್ರವನ್ನು ಯಾರಿಗೆ ಯಾರು ಕೊಟ್ಟರೆಂದು ತೋರಿಸುವ ಎಡಗಡೆಯ ಹೆಸರುಗಳ ಸರಪಳಿಯನ್ನು ನೋಡಬೇಕು. ಭಾರತದ ಪರವಾನಗಿ ಪಡೆದ ಸಂಸ್ಥೆಗಳ ಪ್ರಮಾಣಪತ್ರವಾದರೆ ತುದಿಯಲ್ಲಿ CCA India ಎಂದು ಆರಂಭವಾಗುವ ಹೆಸರಿರುತ್ತದೆ. ಹೆಸರು ಯಾರು ಬೇಕಾದರೂ ಇಡಬಹುದಾದ್ದರಿಂದ, ಆ ಮೂಲ ಪ್ರಮಾಣಪತ್ರವನ್ನು ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಅಧಿಕೃತ ಜಾಲತಾಣದಿಂದಲೇ ಪಡೆದು, ನಂಬಿಕೆಯ ಪಟ್ಟಿಗೆ ಸೇರಿಸಿದ ಬಳಿಕ ಸಹಿಯನ್ನು ಮತ್ತೆ ಪರಿಶೀಲಿಸಬೇಕು.

ಸರಪಳಿಯಲ್ಲಿ ಒಂದೇ ಹೆಸರಿದ್ದು, ಪಡೆದವರೂ ಕೊಟ್ಟವರೂ ಒಬ್ಬರೇ ಆಗಿದ್ದರೆ ಅದು ತಾವೇ ತಯಾರಿಸಿಕೊಂಡ ಪ್ರಮಾಣಪತ್ರ. ಅಕ್ರೋಬ್ಯಾಟಿನಲ್ಲಿ ಯಾರ ಹೆಸರಿನಲ್ಲಿಯಾದರೂ ಅಂಥದ್ದನ್ನು ಕೆಲವೇ ನಿಮಿಷಗಳಲ್ಲಿ ಮಾಡಿಕೊಳ್ಳಬಹುದು. ಕಡತ ತಿದ್ದಿಲ್ಲವೆಂಬುದನ್ನು ಅದು ತೋರಿಸಬಲ್ಲದು, ಸಹಿ ಹಾಕಿದವರು ಯಾರೆಂಬುದನ್ನಲ್ಲ. ಇದನ್ನು ನಂಬಿಕೆಯ ಪಟ್ಟಿಗೆ ಸೇರಿಸಿಬಿಟ್ಟರೆ ಹಸಿರು ಗುರುತು ಬಂದರೂ ಏನೂ ಸಾಬೀತಾದಂತಾಗುವುದಿಲ್ಲ.

ಮೂರನೆಯದಾಗಿ, ಸಹಿಯ ನಂತರ ಕಡತ ಬದಲಾಗಿದೆಯೇ ಎಂದು ನೋಡಬೇಕು. ನಮ್ಮ ಉದಾಹರಣೆಯಲ್ಲಿ ವ್ಯಾಪಾರಿ ಮೊದಲು, ಮಾಲೀಕರು ನಂತರ ಡಿಜಿಟಲ್ ಸಹಿ ಹಾಕಿದರೆ ಫಲಕದಲ್ಲಿ Rev. 1, Rev. 2 ಎಂದು ಎರಡೂ ಸಾಲಾಗಿ ಕಾಣುತ್ತವೆ, ಎರಡನೆಯದು ಮೊದಲನೆಯದನ್ನು ಕೆಡಿಸುವುದಿಲ್ಲ. ವ್ಯಾಪಾರಿ ಒಪ್ಪಿದ್ದು ಯಾವ ದರಕ್ಕೆ ಎಂಬ ಸಂದೇಹ ಬಂದರೆ View Signed Version ಒತ್ತಿ, ಅವರು ಸಹಿ ಹಾಕಿದ ಗಳಿಗೆಯಲ್ಲಿದ್ದ ಪುಟವನ್ನೇ ತೆರೆದು ನೋಡಬಹುದು. ಆದರೆ ಮಾಲೀಕರು ಕರಾರನ್ನು ಮುದ್ರಿಸಿ, ಪೆನ್ನಿನಿಂದ ಸಹಿ ಮಾಡಿ, ಸ್ಕ್ಯಾನ್ ಮಾಡಿ ಮರಳಿಸಿದರೆ ಆ ಹೊಸ ಕಡತದಲ್ಲಿ ವ್ಯಾಪಾರಿಯ ಡಿಜಿಟಲ್ ಸಹಿ ಉಳಿಯುವುದೇ ಇಲ್ಲ. ಕಡತವನ್ನು ಪ್ರಿಂಟ್ ಆಯ್ಕೆಯಿಂದ ಹೊಸ ಪಿಡಿಎಫ್ ಆಗಿ ಉಳಿಸಿದರೂ ಇದೇ ಗತಿ. ವಾಟ್ಸ್ಯಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮಾತ್ರ ತೊಂದರೆಯಿಲ್ಲ, ಫೋಟೋ ಮಾಡಿ ಕಳುಹಿಸಬಾರದು.

ಚಿತ್ರ ಅಂಟಿಸಿದ ಮಾತ್ರಕ್ಕೆ ಕರಾರು ಬಿದ್ದುಹೋಗುತ್ತದೆಂದಲ್ಲ. ಇಮೇಲ್, ಬಿಲ್ಲು, ಹಣ ಪಾವತಿಗಳಿಂದ ಒಪ್ಪಿಗೆಯನ್ನು ತೋರಿಸಬಹುದು, ಆದರೆ ಆ ಹೊರೆ ತೋರಿಸುವವರ ಮೇಲಿರುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಕಲಂ ಕೈಬರಹದ ಸಹಿಗೆ ಸಮನಾದ ಮಾನ್ಯತೆ ನೀಡುವುದು ಕಾಯ್ದೆಗೆ ಅನುಗುಣವಾದ ವಿದ್ಯುನ್ಮಾನ ಸಹಿಗೆ.

ಡಿಜಿಟಲ್ ಸಹಿಗೂ ಒಂದು ಮಿತಿಯಿದೆ: ಕೀಲಿ ಬಳಕೆಯಾಯಿತೆಂದು ಅದು ಹೇಳುತ್ತದೆಯೇ ಹೊರತು ಪಿನ್ ಒತ್ತಿದ ಬೆರಳು ಯಾರದೆಂದು ಹೇಳದು. ಟೋಕನ್ನನ್ನೂ ಪಿನ್ನನ್ನೂ ಲೆಕ್ಕಿಗರ ಕಚೇರಿಯಲ್ಲೇ ಬಿಟ್ಟಿರುವ ರೂಢಿ ನಮ್ಮ ಹೋಟೆಲು ಮಾಲೀಕರಲ್ಲಿ ಬೇಕಾದಷ್ಟಿದೆ. ಅದೇ ಕಾಯ್ದೆಯ 42ನೇ ಕಲಂ ಪ್ರಕಾರ ಖಾಸಗಿ ಕೀಲಿಯನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳುವ ಹೊಣೆ ಪ್ರಮಾಣಪತ್ರ ಪಡೆದವರದೇ. ಕೀಲಿ ಬೇರೆಯವರ ಕೈಸೇರಿದ್ದರೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಡಮಾಡದೆ ತಿಳಿಸಬೇಕು.